ಎಲ್ಲವೂ ಅಲರ್ಜಿಯಲ್ಲ, ಅಲರ್ಜಿಯಾದರೆ ತಡ ಸಲ್ಲದು



"ನನಗೆ ಆ ಮಾತ್ರೆ ಆಗಿಬರುವುದಿಲ್ಲ, ಅಲರ್ಜಿ" ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಕೇಳಿಬರುತ್ತದೆ. ಈ ಒಂದು ಮಾತಿನಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತಿದ್ದೇವೆಂಬುದು ನನ್ನ ಅಭಿಪ್ರಾಯ.

ಕಳೆದ ಕೊನೆಕೊಯ್ಲಿನಲ್ಲಿ ನೆರೆಯವರೊಬ್ಬರ ಕಾಲಿಗೆ ಕತ್ತಿ ತಗುಲಿ ಗಾಯ ಕೀವಾಯಿತು. ವೈದ್ಯರು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಕೂಡಿದ 625 ಮಿಲಿಗ್ರಾಂ ಮಾತ್ರೆಯನ್ನು 5 ದಿನಕ್ಕೆ ಬರೆದುಕೊಟ್ಟರು. ಎರಡನೇ ದಿನ ಹೊಟ್ಟೆ ತೊಳಸಿ ಮೂರು ಸಲ ಭೇದಿಯಾಯಿತು. ಅಲರ್ಜಿಯೆಂದು ಅವರು ಮಾತ್ರೆ ಬಿಟ್ಟರು. ಕಾಲು ಮತ್ತೆ ಊದಿಕೊಂಡಿತು.

ಅದು ಅಲರ್ಜಿಯಲ್ಲ, ಅಡ್ಡ ಪರಿಣಾಮ. ಔಷಧಿಯು ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದರಿಂದ ಹೀಗಾಗುತ್ತದೆ. ಊಟ ಆರಂಭಿಸುವಾಗಲೇ ಮಾತ್ರೆ ನುಂಗಿ, ಸಾಕಷ್ಟು ನೀರು ಕುಡಿದರೆ ಸಾಮಾನ್ಯವಾಗಿ ನಿಭಾಯಿಸಬಹುದು. ಆದರೆ ಭೇದಿ ನೀರಿನಂತೆ ಪದೇಪದೇ ಆದರೆ, ರಕ್ತ ಅಥವಾ ಜ್ವರ ಕಂಡರೆ, ವೈದ್ಯರನ್ನು ಕಾಣಲೇಬೇಕು.

ನಿಜವಾದ ಅಲರ್ಜಿಯಲ್ಲಿ ಶರೀರದ ರಕ್ಷಣಾ ಶಕ್ತಿಯೇ ಔಷಧಿಯನ್ನು ಶತ್ರುವೆಂದು ಭ್ರಮಿಸುತ್ತದೆ. ಇದು ಹೆಚ್ಚಾಗಿ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ತೋರುತ್ತದೆ. ಮೈಮೇಲೆ ತುರಿಸುವ ಪಿತ್ತದ ಗಂಧೆ ಮಾತ್ರ ಎದ್ದರೆ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ತುಟಿ, ನಾಲಿಗೆ ಊದಿದರೆ, ಸ್ವರ ಒಡೆದರೆ, ಉಸಿರು ಕಟ್ಟಿ ಎದೆಯಲ್ಲಿ ಸುಯ್ಯೆಂದರೆ, ತಲೆಸುತ್ತಿ ಕಣ್ಣು ಕತ್ತಲಿಟ್ಟರೆ ಅದು ಪ್ರಾಣಾಪಾಯ. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಅಲರ್ಜಿ ಮಾತ್ರೆ ಕೊಟ್ಟು ಕಾಯುವುದು ತಪ್ಪು. 108ಕ್ಕೆ ಕರೆ ಮಾಡಿ. ಅದು ಬರುವುದು ತಡವೆಂದಾದರೆ ಸಿಕ್ಕ ವಾಹನದಲ್ಲಿ ಹೊರಡಿ. ರೋಗಿಯನ್ನು ನಡೆಸದೆ ಮಲಗಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ.

ಕೆಲವು ದಿನಗಳ ಮೇಲೂ ಕೆಂಪು ದದ್ದು ಏಳುವುದುಂಟು. ಬಹುಪಾಲು ಅಪಾಯವಿಲ್ಲದಿದ್ದರೂ ವೈದ್ಯರಿಗೆ ತಿಳಿಸಿ. ಅದರೊಡನೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಬೊಬ್ಬೆಯೆದ್ದು ಸುಲಿಯುವುದು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಿ.

ಪೆನಿಸಿಲಿನ್ ಅಲರ್ಜಿಯಿದೆ ಎನ್ನುವ ಹತ್ತು ಮಂದಿಯನ್ನು ಪರೀಕ್ಷಿಸಿದರೆ ಸುಮಾರು ಒಂಬತ್ತು ಮಂದಿಗೆ ಅದು ಇರುವುದಿಲ್ಲ. ಸುಳ್ಳು ಅಲರ್ಜಿಯ ಹಣೆಪಟ್ಟಿ ಹೊತ್ತವರಿಗೆ ಮುಂದೆ ತಕ್ಕ ಮದ್ದು ತಪ್ಪಿಹೋಗುತ್ತದೆ. ಹಾಗೆಂದು ಮನೆಯಲ್ಲೇ ಮತ್ತೆ ನುಂಗಿ ನೋಡುವ ಸಾಹಸವೂ ಬೇಡ. ತೋಟದ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಮಾತ್ರೆಯ ಹೆಸರು, ನುಂಗಿದ ಎಷ್ಟು ಹೊತ್ತಿಗೆ, ಏನಾಯಿತು ಎಂಬ ಮೂರು ಮಾತು ಬರೆದಿಡಿ. "ಅಲರ್ಜಿ" ಎಂಬ ಒಂದು ಶಬ್ದಕ್ಕಿಂತ ಆ ಮೂರು ಮಾತು ವೈದ್ಯರಿಗೆ ಹೆಚ್ಚು ಉಪಯೋಗ.