ನೀಲಿ ಗುರುತು ಒಪ್ಪಿಗೆಯಲ್ಲ

ಏಳನೇ ಸೆಮಿಸ್ಟರ್ ಹತ್ತಿರ ಬಂತೆಂದರೆ ಅರ್ಜಿ ತುಂಬುವ ಕೆಲಸ ಶುರು. ಅಂಕ, ಪ್ರಾಜೆಕ್ಟ್, ಇಂಟರ್ನ್‌ಶಿಪ್ ಎಲ್ಲ ಬರೆದು ಮುಗಿಸುವ ಹೊತ್ತಿಗೆ ಕೆಲವು ಅರ್ಜಿಗಳ ಕೊನೆಯಲ್ಲಿ ‘ರೆಫರೆನ್ಸ್’ ಎಂಬ ಖಾನೆ ಎದುರಾಗುತ್ತದೆ. ನಿಮ್ಮನ್ನು ಬಲ್ಲ ಒಬ್ಬರ ಹೆಸರು, ಹುದ್ದೆ, ಫೋನ್, ಇಮೇಲ್ ಕೊಡಿ ಎನ್ನುತ್ತದೆ ಅದು. ನಮ್ಮಲ್ಲಿ ಹಲವರು ಅಲ್ಲಿ ವಿಭಾಗ ಮುಖ್ಯಸ್ಥರ ಹೆಸರು ಬರೆದು, ಹಳೆಯ ಕ್ಲಾಸ್ ಗ್ರೂಪಿನಿಂದ ಅವರ ನಂಬರ್ ಹುಡುಕಿ ಹಾಕಿಬಿಡುತ್ತಾರೆ. ‘ಸರ್‌ಗೆ ಆಮೇಲೆ ಹೇಳಿದರಾಯಿತು’ ಎಂಬ ಸಮಾಧಾನ ಬೇರೆ. ಈ ಅಭ್ಯಾಸ ಬಿಡಬೇಕು. ಕೇಳದೆ ಕೊಟ್ಟ ಹೆಸರಿನಿಂದ ಕೊಟ್ಟವರಿಗೂ ಉಪಯೋಗವಿಲ್ಲ, ಹೆಸರಿನವರಿಗೂ ಕಿರಿಕಿರಿ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಕಂಪನಿಯೊಳಗಿನ ಸೀನಿಯರ್ ನಮ್ಮ ರೆಸ್ಯೂಮೆಯನ್ನು ಮುಂದಕ್ಕೆ ಕಳಿಸಿದರೆ ಅದು ರೆಫರಲ್. ಉನ್ನತ ವ್ಯಾಸಂಗಕ್ಕಾಗಿ ಅಧ್ಯಾಪಕರು ಬರೆದುಕೊಡುವುದು ಶಿಫಾರಸು ಪತ್ರ. ರೆಫರೆನ್ಸ್ ಇವೆರಡೂ ಅಲ್ಲ. ಕಂಪನಿಯವರು ಫೋನ್ ಅಥವಾ ಮೇಲ್ ಮಾಡಿ ವಿಚಾರಿಸಿದಾಗ ನಮ್ಮ ಬಗ್ಗೆ ಮಾತನಾಡುವವರು ಅಷ್ಟೇ. ಕ್ಯಾಂಪಸ್ಸಿಗೆ ಬಂದು ಒಂದೇ ಸಲಕ್ಕೆ ನೂರಾರು ಜನರನ್ನು ಆರಿಸುವ ಕಂಪನಿಗಳು ಸಾಮಾನ್ಯವಾಗಿ ಇದರ ಗೋಜಿಗೆ ಹೋಗುವುದಿಲ್ಲ. ಸಣ್ಣ ಕಂಪನಿಗಳು, ಕ್ಯಾಂಪಸ್ ಹೊರಗಿನ ನೇಮಕಾತಿ, ಇಂಟರ್ನ್‌ಶಿಪ್ ಇವುಗಳಲ್ಲಿ ವಿಚಾರಣೆ ನಡೆಯುವುದುಂಟು. ಅನುಭವವಿಲ್ಲದ ನಮ್ಮ ಬಗ್ಗೆ ಹೇಳಲು ಹಿಂದಿನ ಬಾಸ್ ಇರುವುದಿಲ್ಲವಾದ್ದರಿಂದ ಅಧ್ಯಾಪಕರೇ ಗತಿ.

ಈಗ ಫೋನಿನ ಆ ಕಡೆಯಿಂದ ನೋಡೋಣ. ಮೇಡಂ ಪಾಠ ಮಾಡುತ್ತಿರುವಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತದೆ; ಸಾಲ ಕೊಡುವವರಿರಬೇಕು ಎಂದು ಕಟ್ ಮಾಡುತ್ತಾರೆ. ಎರಡನೇ ಸಲ ಎತ್ತಿದರೆ, ‘ನಿಮ್ಮ ವಿದ್ಯಾರ್ಥಿಯೊಬ್ಬರು ನಿಮ್ಮ ಹೆಸರು ಕೊಟ್ಟಿದ್ದಾರೆ’ ಎಂಬ ಮಾತು. ಅರವತ್ತು ಜನರ ಎರಡು ಮೂರು ಸೆಕ್ಷನ್‌ಗಳಿಗೆ, ವರ್ಷಕ್ಕೊಂದು ಹೊಸ ಬ್ಯಾಚಿಗೆ ಪಾಠ ಮಾಡುವವರು ಆ ಹೆಸರನ್ನು ತಟ್ಟನೆ ನೆನಪಿಸಿಕೊಳ್ಳುವುದು ಹೇಗೆ? ‘ಯಾರು? ಯಾವ ಬ್ಯಾಚು?’ ಎಂದು ಅವರು ಕೇಳಿದ ಕ್ಷಣದಲ್ಲೇ ಕರೆ ಮಾಡಿದವರಿಗೆ ಬೇಕಾದ ಉತ್ತರ ಸಿಕ್ಕಿರುತ್ತದೆ.

ಇದನ್ನು ತಪ್ಪಿಸಲು ಒಂದು ಚಿಕ್ಕ ಸಂದೇಶ ಸಾಕು. ಉದಾಹರಣೆಗೆ, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿಯೊಬ್ಬಳು ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಗೈಡ್ ಆಗಿದ್ದ, ಈಗ ಬೇರೆ ಕಾಲೇಜಿನಲ್ಲಿರುವ ಮೇಡಂಗೆ ಹೀಗೆ ಬರೆಯಬಹುದು:

‘ನಮಸ್ಕಾರ ಮೇಡಂ. ನಾನು ಕಾವ್ಯಾ, ಇಸಿ ವಿಭಾಗ, ಬಿ ಸೆಕ್ಷನ್. ಕಳೆದ ವರ್ಷ ಐದನೇ ಸೆಮ್‌ನಲ್ಲಿ ನೀವು ನಮ್ಮ ಮಣ್ಣಿನ ತೇವಾಂಶದ ಮಿನಿ ಪ್ರಾಜೆಕ್ಟಿಗೆ ಗೈಡ್ ಆಗಿದ್ದಿರಿ. ಸೆನ್ಸರ್ ಕಡ್ಡಿಗಳು ತುಕ್ಕು ಹಿಡಿದು ರೀಡಿಂಗ್ ತಪ್ಪಾಗುತ್ತಿದ್ದಾಗ ಬೇರೆ ಬಗೆಯ ಸೆನ್ಸರ್ ಹಾಕಿ ಮತ್ತೆ ಪರೀಕ್ಷೆ ಮಾಡಿದ್ದು ನಾನು. ಮುಂದಿನ ತಿಂಗಳಿನಿಂದ ಎಂಬೆಡೆಡ್ ಕೆಲಸಗಳ ಸಂದರ್ಶನಕ್ಕೆ ಹೋಗುತ್ತಿದ್ದೇನೆ. ರೆಫರೆನ್ಸ್ ಆಗಿ ನಿಮ್ಮ ಹೆಸರು ಕೊಡಬಹುದೇ? ಒಂದೆರಡು ಕಂಪನಿಗಳಿಂದ ಐದು ನಿಮಿಷದ ಕರೆ ಅಥವಾ ಒಂದು ಮೇಲ್ ಬರಬಹುದು. ಒಪ್ಪಿಗೆಯಿದ್ದರೆ ಯಾವ ನಂಬರ್, ಯಾವ ಇಮೇಲ್ ಕೊಡಲಿ ಎಂದು ತಿಳಿಸಿ. ಈಗ ಅನುಕೂಲವಿಲ್ಲದಿದ್ದರೆ ಖಂಡಿತ ಪರವಾಗಿಲ್ಲ ಮೇಡಂ, ಬೇರೆಯವರನ್ನು ಕೇಳುತ್ತೇನೆ.’

ಇಂಗ್ಲಿಷಿನಲ್ಲಿ ಬರೆದರೂ ಇಷ್ಟೇ ಇರಲಿ. ಹೆಸರಿನ ಜೊತೆ ವಿಭಾಗ, ಸೆಕ್ಷನ್, ವರ್ಷ ಇರುವುದರಿಂದ ಮುಖ ನೆನಪಾಗುತ್ತದೆ. ಬೇಕಿದ್ದರೆ ಯುಎಸ್‌ಎನ್ ಕೂಡ ಸೇರಿಸಬಹುದು. ವಿಟಿಯು ಕೊಡುವ ಆ ಸಂಖ್ಯೆಯಲ್ಲೇ ಕಾಲೇಜು, ಸೇರಿದ ವರ್ಷ, ಬ್ರಾಂಚ್ ಮೂರೂ ಇರುತ್ತವೆ. ಯಾವ ಇಮೇಲ್ ಎಂದು ಕೇಳಲೂ ಕಾರಣವಿದೆ. ಕಾಲೇಜು ಬದಲಿಸಿದವರ ಹಳೆಯ ಅಧಿಕೃತ ಇಮೇಲ್ ನಿಂತುಹೋಗಿರಬಹುದು. ಅದಕ್ಕೆ ಹೋದ ವಿಚಾರಣೆ ಯಾರಿಗೂ ತಲುಪದೆ, ನಮ್ಮ ಅರ್ಜಿ ಯಾಕೆ ನಿಂತಿತೆಂಬುದೇ ನಮಗೆ ತಿಳಿಯದಿರಬಹುದು.

ಆ ಸಂದೇಶದಲ್ಲಿ ಹೆಚ್ಚು ಕೆಲಸ ಮಾಡುವ ಸಾಲು ಸೆನ್ಸರಿನದು. ಅಗ್ಗದ ತೇವಾಂಶ ಸೆನ್ಸರಿನ ಎರಡು ಕಡ್ಡಿಗಳ ನಡುವೆ ಒದ್ದೆ ಮಣ್ಣಿನ ಮೂಲಕ ವಿದ್ಯುತ್ ಹರಿಯುತ್ತದೆ. ಸದಾ ಹರಿಯುತ್ತಿದ್ದರೆ ಕಡ್ಡಿಯ ಲೋಹ ಸವೆಯುತ್ತದೆ, ರೀಡಿಂಗ್ ಕೆಡುತ್ತದೆ. ಲೋಹ ಮಣ್ಣಿಗೆ ನೇರವಾಗಿ ತಾಗದ ಕೆಪಾಸಿಟಿವ್ ಸೆನ್ಸರಿನಲ್ಲಿ ಈ ತೊಂದರೆ ಕಡಿಮೆ. ಕಾರಣ ಹುಡುಕಿ ಬದಲಿಸಿದವಳು ಇವಳು ಎಂಬುದು ಮೇಡಂ ಕಣ್ಣಾರೆ ಕಂಡ ಸಂಗತಿ. ಕರೆ ಮಾಡುವವರು ಕೇಳುವುದು ಹೆಚ್ಚಾಗಿ ಇಂಥದ್ದನ್ನೇ: ಎಷ್ಟು ದಿನದಿಂದ ಗೊತ್ತು, ಕೆಲಸ ಮುಗಿಸುತ್ತಾರೆಯೇ, ತಂಡದಲ್ಲಿ ಹೇಗೆ, ಕಷ್ಟ ಬಂದಾಗ ಏನು ಮಾಡಿದರು? ‘ಒಳ್ಳೆಯ ಹುಡುಗಿ’ ಎಂಬ ಉತ್ತರ ಯಾರಿಗಾದರೂ ಒಪ್ಪುತ್ತದೆ. ಸೆನ್ಸರಿನ ಕಥೆ ಅವಳೊಬ್ಬಳಿಗೇ ಒಪ್ಪುತ್ತದೆ.

ಯಾರನ್ನು ಕೇಳಬೇಕೆಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ. ವಿಭಾಗ ಮುಖ್ಯಸ್ಥರ ಹುದ್ದೆ ದೊಡ್ಡದು, ಆದರೆ ಅವರು ನಮ್ಮನ್ನು ಹಾಜರಾತಿ ಪಟ್ಟಿಯಲ್ಲಿ ಮಾತ್ರ ನೋಡಿದ್ದರೆ ಅವರು ಹೇಳುವುದೂ ಅಷ್ಟೇ. ಲ್ಯಾಬಿನಲ್ಲಿ ನಮ್ಮ ಹಿಂದೆ ನಿಂತು ಸರ್ಕ್ಯೂಟ್ ನೋಡಿದ ಸಹಾಯಕ ಪ್ರಾಧ್ಯಾಪಕರು ಎಷ್ಟೋ ಮೇಲು. ಒಂದೇ ಒಂದು ನಿರ್ದಿಷ್ಟ ಘಟನೆಯನ್ನು ನೆನಪಿಸಿ ಬರೆಯಲಾಗದಿದ್ದರೆ ಅವರು ನಮಗೆ ಸರಿಯಾದ ರೆಫರೆನ್ಸ್ ಅಲ್ಲ ಎಂದು ತಿಳಿಯಬೇಕು.

ಇನ್ನು ಕೊನೆಯ ಸಾಲು, ‘ಅನುಕೂಲವಿಲ್ಲದಿದ್ದರೆ ಪರವಾಗಿಲ್ಲ’ ಎಂಬುದು. ಅದನ್ನು ಬರೆಯಲು ನಮಗೆ ಕೈ ಬರುವುದಿಲ್ಲ. ನಾವೇ ಬಾಗಿಲು ಮುಚ್ಚಿಕೊಂಡಂತೆ ಅನಿಸುತ್ತದೆ. ಆದರೆ ಶಿಷ್ಯರಿಗೆ ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನಲು ನಮ್ಮ ಅಧ್ಯಾಪಕರಿಗೂ ಸಂಕೋಚ. ದಾರಿ ಕೊಡದಿದ್ದರೆ ದಾಕ್ಷಿಣ್ಯಕ್ಕೆ ಒಪ್ಪುತ್ತಾರೆ. ಆಮೇಲೆ ಕಂಪನಿಯವರು ಕೇಳಿದಾಗ ತಡವರಿಸುತ್ತಾರೆ, ಇಲ್ಲವೇ ‘ಹಾಂ, ಪರವಾಗಿಲ್ಲ’ ಎಂದು ಮುಗಿಸುತ್ತಾರೆ. ಅರೆಮನಸ್ಸಿನ ಹೊಗಳಿಕೆಗಿಂತ ಮೊದಲೇ ಸಿಕ್ಕ ನಿರಾಕರಣೆ ವಾಸಿ, ಬೇರೆಯವರನ್ನು ಕೇಳಲು ಸಮಯವಾದರೂ ಉಳಿಯುತ್ತದೆ.

ಹಾಗಾಗಿ ಉತ್ತರವನ್ನು ಸರಿಯಾಗಿ ಓದುವುದೂ ಮುಖ್ಯ. ‘ಖಂಡಿತ ಕೊಡಮ್ಮ, ಈ ನಂಬರ್ ಹಾಕು’ ಎಂದರೆ ಒಪ್ಪಿಗೆ. ‘ನೋಡೋಣ’, ‘ಎಚ್‌ಒಡಿ ಅವರನ್ನು ಕೇಳಿದ್ದೀಯಾ?’ ಎಂದರೆ ಅದು ಮರ್ಯಾದೆಯ ನಿರಾಕರಣೆ ಎಂದೇ ತಿಳಿಯುವುದು ಕ್ಷೇಮ. ಏನೂ ಉತ್ತರ ಬರದೆ ಎರಡು ನೀಲಿ ಗುರುತು ಮಾತ್ರ ಕಂಡರೆ, ಅವರು ಓದಿದ್ದಾರೆ ಎಂದಷ್ಟೇ ಅರ್ಥ. ನಾಲ್ಕೈದು ದಿನ ಬಿಟ್ಟು ಒಮ್ಮೆ ನೆನಪಿಸಬಹುದು, ಅದಕ್ಕೂ ಉತ್ತರವಿಲ್ಲದಿದ್ದರೆ ಇನ್ನೊಬ್ಬರನ್ನು ಕೇಳಬೇಕು. ಸಂದರ್ಶನಕ್ಕೆ ಎರಡು ಮೂರು ವಾರ ಮೊದಲೇ ಬರೆದವರಿಗೆ ಮಾತ್ರ ಇಷ್ಟೆಲ್ಲಕ್ಕೂ ಸಮಯವಿರುತ್ತದೆ. ಪ್ರಾಯೋಗಿಕ ಪರೀಕ್ಷೆ, ಮೌಲ್ಯಮಾಪನದ ದಿನಗಳಲ್ಲಿ ಕೇಳಿದರೆ ಮನಸ್ಸಿದ್ದವರಿಗೂ ಬಿಡುವಿರುವುದಿಲ್ಲ.

ಒಪ್ಪಿಗೆ ಸಿಕ್ಕ ಮೇಲೂ ಅವರ ನಂಬರನ್ನು ರೆಸ್ಯೂಮೆಯಲ್ಲಿ ಅಚ್ಚು ಹಾಕಿ ಕಂಡ ಕಂಡ ಜಾಬ್ ಸೈಟಿಗೆ ಏರಿಸಬಾರದು. ಕಂಪನಿ ಕೇಳಿದಾಗ ಮಾತ್ರ ಕೊಡಬೇಕು. ಕೊಟ್ಟ ದಿನವೇ ಮೇಡಂಗೆ ಒಂದು ಸಾಲು: ‘ಈ ವಾರ ಇಂಥ ಕಂಪನಿಯಿಂದ, ಇಂಥ ಹುದ್ದೆಗೆ ಕರೆ ಬರಬಹುದು.’ ಆಗ ಅಪರಿಚಿತ ನಂಬರನ್ನು ಅವರು ಕಟ್ ಮಾಡುವುದಿಲ್ಲ. ಕೆಲಸ ಸಿಗಲಿ ಬಿಡಲಿ, ಫಲಿತಾಂಶ ತಿಳಿಸಲು ಇನ್ನೊಂದು ಸಾಲು. ತಾನು ಐದು ನಿಮಿಷ ಮಾತನಾಡಿದ್ದು ಏನಾಯಿತು ಎಂಬುದು ಅವರಿಗೂ ತಿಳಿಯಬೇಕಲ್ಲ.