ಊಟದ ಜೊತೆ ಕಾರ್ಡನ್ನೂ ವಿಚಾರಿಸಿ

ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರಿಗೆ ರಾತ್ರಿ ಊಟ ಕೊಡುವವರಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಹೆಚ್ಚಿನವರು ಸೋಲುವುದು ಕಾಗದಪತ್ರದಲ್ಲಿ.

ಮೊನ್ನೆ ನಮ್ಮ ಜಮಾಅತಿನ ಸೊಸೆಯೊಬ್ಬಳು ದಾಖಲಾದಳು. ಗಂಡನ ಮನೆಯವರು ತಮ್ಮ ಬಿಪಿಎಲ್ ಕಾರ್ಡು ಹಿಡಿದು ಎರಡು ದಿನ ಅಲೆದರು. ಆಕೆಯ ಹೆಸರು ಇದ್ದದ್ದು ತವರಿನ ಕಾರ್ಡಿನಲ್ಲಿ! ಅದನ್ನೂ ಆಧಾರನ್ನೂ ತಂದ ಮೇಲೆಯೇ ಆಯುಷ್ಮಾನ್ ಕೆಲಸ ಆದದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಅದರಲ್ಲಿದೆ.

ಜಮಾಅತ್‌ಗಳು ಸೇರಿ ಆಸ್ಪತ್ರೆ ಹತ್ತಿರ ಒಂದು ಕೋಣೆ ಹಿಡಿಯಲಿ. ರಾತ್ರಿ ಹೆಂಗಸರು ಮಲಗಲಿ. ಬೆಳಿಗ್ಗೆ ಓದಿದ ಹುಡುಗನೊಬ್ಬ ಅಲ್ಲಿ ಕುಳಿತು ಮೂರೇ ವಿಷಯ ನೋಡಲಿ: ಕಾರ್ಡಿನಲ್ಲಿ ರೋಗಿಯ ಹೆಸರಿದೆಯಾ, ಆಧಾರಿನ ಹೆಸರಿಗೆ ತಾಳೆಯಾಗುತ್ತದಾ, ಖಾಸಗಿಗೆ ಕಳುಹಿಸುವುದಾದರೆ ರೆಫರಲ್ ಪತ್ರ ಕೈಗೆ ಬಂತಾ. ತುರ್ತು ಇಲ್ಲದಿದ್ದರೆ ಪತ್ರವಿಲ್ಲದೆ ಆಂಬುಲೆನ್ಸ್ ಹತ್ತಬೇಡಿ.