ಬಳೆ ಹೋಯ್ತು ಅಮೆರಿಕಕ್ಕೆ, ಲಾಭ ಹೋಯ್ತು ಎಲ್ಲಿಗೆ?

ಚನ್ನಪಟ್ಟಣದ ಕುಶಲಕರ್ಮಿಯೊಬ್ಬರು 2025ರ ನವೆಂಬರಿನಲ್ಲಿ ಒಂದು ಡಜನ್ ಅರಗಿನ ಬಳೆಗಳನ್ನು ಅಮೆರಿಕಕ್ಕೆ ಮಾರಿದರು. ಕೊಂಡವರು ನ್ಯೂಜೆರ್ಸಿಯಲ್ಲಿರುವ ನಮ್ಮ ಕಡೆಯ ಹೆಣ್ಣುಮಗಳು. ಬೆಲೆ 30 ಡಾಲರ್. "ಎರಡೂವರೆ ಸಾವಿರದ ಮೇಲೆ ಬಂತು ಬಿಡಿ ಸಾರ್, ಇಲ್ಲಿ ಅಂಗಡಿಗೆ ಹಾಕಿದ್ರೆ ಯಾರು ಕೊಡ್ತಿದ್ರು?" ಅಂದರು. ತಿಂಗಳು ಕಳೆದ ಮೇಲೆ ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಬಳೆಯನ್ನೂ ಕೊಟ್ಟು, ಮೇಲೆ ಎಂಟು ರೂಪಾಯಿ ಕೈಯಿಂದ ಹಾಕಿದ್ದರು ಪುಣ್ಯಾತ್ಮರು!

ಇದು ಹೇಗಾಯಿತು? ಮೋಸ ಮಾಡಿದವರು ಯಾರೂ ಇಲ್ಲ. ಅದೇ ಸ್ವಾರಸ್ಯ. (ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.)

ಮರ, ಅರಗು, ಲೇತಿನ ಕರೆಂಟು, ಕೂಲಿ, ತಮ್ಮ ಲಾಭ ಎಲ್ಲ ಸೇರಿ ಡಜನ್ನಿಗೆ 1,500 ರೂಪಾಯಿ ಕೈಗೆ ಬರಬೇಕು ಅನ್ನುವುದು ಅವರ ಆಸೆ. ರಟ್ಟಿನ ಪೆಟ್ಟಿಗೆಗೆ 100, ಅಂಚೆಗೆ 1,000. ಒಟ್ಟು 2,600. ಆಗ ಪೇಪರಿನಲ್ಲಿ ಡಾಲರಿಗೆ 88 ರೂಪಾಯಿ ಚಿಲ್ಲರೆ. ಭಾಗಿಸಿದರೆ ಇಪ್ಪತ್ತೊಂಬತ್ತೂವರೆ. "ಇರಲಿ, ಮೂವತ್ತು" ಅಂತ ಹೇಳಿಬಿಟ್ಟರು. ನಾನೂ ನೀವೂ ಆಗಿದ್ದರೂ ಹಾಗೇ ಹೇಳುತ್ತಿದ್ದೆವು.

ಮೊದಲ ಕತ್ತರಿ ಬಿದ್ದದ್ದು ಹಣ ತಂದುಕೊಟ್ಟ ಆನ್‌ಲೈನ್ ಕಂಪನಿಯಿಂದ. ನೂರಕ್ಕೆ 4.4, ಅದರ ಮೇಲೆ ಪ್ರತಿ ಸಲಕ್ಕೆ 30 ಸೆಂಟು. ಇದನ್ನು ಮುರಿದುಕೊಳ್ಳುವುದು ಬಳೆಯ ಬೆಲೆಯ ಮೇಲೆ ಮಾತ್ರವಲ್ಲ, ಅಂಚೆ ಖರ್ಚೂ ಸೇರಿ ಬಂದ ಪೂರ್ತಿ ಹಣದ ಮೇಲೆ. ಅಂಚೆಯವರ ದುಡ್ಡಿಗೂ ಇವರು ಕಮಿಷನ್ ಕೊಟ್ಟಂತಾಯಿತು. 30 ಡಾಲರಿನಲ್ಲಿ ಉಳಿದದ್ದು 28 ಡಾಲರ್ 38 ಸೆಂಟು.

ಎರಡನೇ ಕತ್ತರಿ ಕಣ್ಣಿಗೇ ಕಾಣುವುದಿಲ್ಲ. ಪೇಪರಿನಲ್ಲಿ ಬರುವ ಡಾಲರ್ ದರ ದೊಡ್ಡ ಬ್ಯಾಂಕುಗಳು ತಮ್ಮೊಳಗೆ ವ್ಯಾಪಾರ ಮಾಡುವ ದರ. ನಮ್ಮಂಥವರ ಖಾತೆಗೆ ಹಾಕುವಾಗ ಕಂಪನಿ ತನ್ನದೇ ದರ ಹಾಕುತ್ತೆ. ಇವರಿಗೆ ಕೊಟ್ಟದ್ದು 85. ಚೀಟಿಯಲ್ಲಿ ಇದು ಫೀ ಅಂತ ಬರೆದಿರುವುದಿಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ. ಪತ್ತೆ ಮಾಡುವುದು ಸುಲಭ: ಖಾತೆಗೆ ಬಿದ್ದ ರೂಪಾಯಿಯನ್ನು ಫೀ ಕಳೆದ ಡಾಲರಿನಿಂದ ಭಾಗಿಸಿ, ಆ ದಿನದ ಪೇಪರ್ ದರದ ಪಕ್ಕ ಇಟ್ಟು ನೋಡಿ. ಖಾತೆಗೆ ಬಿದ್ದದ್ದು 2,412. ಪೆಟ್ಟಿಗೆ, ಅಂಚೆ ಕಳೆದರೆ 1,312. ಇಷ್ಟಕ್ಕೇ ನಿಂತಿದ್ದರೂ ಚಿಂತೆಯಿರಲಿಲ್ಲ, ಕೂಲಿಯಾದರೂ ಗಿಟ್ಟುತ್ತಿತ್ತು.

ಮುಳುಗಿಸಿದ್ದು ಮೂರನೆಯದು, ಅಮೆರಿಕದ ಸುಂಕ. ಮೊದಲು 800 ಡಾಲರಿನೊಳಗಿನ ಪಾರ್ಸಲ್ಲಿಗೆ ಅಲ್ಲಿ ಸುಂಕವೇ ಇರಲಿಲ್ಲ. ಅದಕ್ಕೇ ನಮ್ಮವರು ಯಾರೂ ಅದರ ಯೋಚನೆ ಮಾಡಿರಲಿಲ್ಲ. 2025ರ ಆಗಸ್ಟ್ 29ಕ್ಕೆ ಆ ರಿಯಾಯಿತಿ ನಿಂತುಹೋಯಿತು. ಅದಕ್ಕೆ ನಾಲ್ಕು ದಿನ ಮುಂಚೆಯೇ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಬಹುಪಾಲು ಪಾರ್ಸಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿದಾಗ ಹೊಸ ಪದ್ಧತಿ: ಸುಂಕವನ್ನು ಇಲ್ಲೇ ಕೌಂಟರಿನಲ್ಲಿ ಕಟ್ಟಬೇಕು, ಆಗ ಬರೆದ ಬೆಲೆಯ ಮೇಲೆ ನೂರಕ್ಕೆ 50 ಇತ್ತು!

ಕೌಂಟರಿನಲ್ಲಿ "ಬೆಲೆ ಎಷ್ಟು?" ಅಂತ ಕೇಳಿದರು. ಇವರು "30 ಡಾಲರ್" ಅಂದರು. 2,640 ರೂಪಾಯಿ ಅಂತ ಬರೆದುಕೊಂಡು ಅರ್ಧ, ಅಂದರೆ 1,320 ಕಟ್ಟಿಸಿಕೊಂಡರು. ಕೈಯಲ್ಲಿದ್ದದ್ದು 1,312. ಎಂಟು ರೂಪಾಯಿ ಹೋದದ್ದು ಹೀಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಸುಂಕ ಸರಕಿನ ಬೆಲೆಗೆ, ಅಂಚೆ ಖರ್ಚಿಗಲ್ಲ. ಬಿಲ್ಲಿನಲ್ಲಿ ಬಳೆ ಬೇರೆ, ಸಾಗಾಟ ಬೇರೆ ಬರೆದಿದ್ದರೆ ಬಳೆಯ ಬೆಲೆಗೆ ಮಾತ್ರ ಸುಂಕ ಬೀಳುತ್ತಿತ್ತು. "ಅಂಚೆ ಖರ್ಚು ಫ್ರೀ" ಅಂತ ಎಲ್ಲ ಸೇರಿಸಿ ಒಂದೇ ಬೆಲೆ ಹೇಳಿದ್ದಕ್ಕೆ ಅಂಚೆ ಖರ್ಚಿಗೂ ಸುಂಕ ಕಟ್ಟಿದರು.

"ಹಾಗಾದ್ರೆ ಗಿಫ್ಟ್ ಅಂತ ಬರೆದ್ರೆ?" ಅಂತ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದರು. ಬರೆಯಬೇಡಿ ಸ್ವಾಮಿ. ಮಾರಿದ ವಸ್ತು ಗಿಫ್ಟ್ ಅಲ್ಲ, ಅದು ಸುಳ್ಳು ಘೋಷಣೆ. ಪಾರ್ಸಲ್ ಕಳೆದುಹೋದರೆ ಪರಿಹಾರ ಕೇಳಲಿಕ್ಕೂ ಬಾಯಿರುವುದಿಲ್ಲ. ರಫ್ತಿನ ಹಣ ಅಂತ ಬ್ಯಾಂಕಿಗೆ ಬಂದಿದೆ, ರಫ್ತಿನ ಕಾಗದವೇ ಇಲ್ಲ ಅಂದರೆ ಅದು ಇನ್ನೊಂದು ತಲೆನೋವು.

ಸುಂಕ ಇಲ್ಲಿ ಕಟ್ಟದೆ, ಕೊಂಡವರೇ ಅಲ್ಲಿ ಕಟ್ಟಿಕೊಳ್ಳಲಿ ಅಂತ ಖಾಸಗಿ ಕೊರಿಯರಿನಲ್ಲಿ ಕಳಿಸುವವರಿದ್ದಾರೆ. ಬಾಗಿಲಿಗೆ ಬಂದವನು ಸುಂಕದ ಜೊತೆಗೆ ಕೊರಿಯರಿನ ಫೀಯನ್ನೂ ಕೇಳುತ್ತಾನೆ. ಮೊದಲೇ ಹೇಳಿರದಿದ್ದರೆ "ಬೇಡ, ವಾಪಸ್ ಒಯ್ಯಿ" ಅನ್ನುತ್ತಾರೆ. ವಾಪಸ್ ಬರುವ ಖರ್ಚೂ ನಿಮ್ಮ ತಲೆಗೇ. ಇನ್ನು ಕೊರಿಯರಿನವರು ತೂಕದ ಜೊತೆ ಪೆಟ್ಟಿಗೆಯ ಅಳತೆಯನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ರೂಢಿ. 30, 20, 20ರ ಪೆಟ್ಟಿಗೆ 2.4 ಕಿಲೋ ಆಗುತ್ತೆ, ಒಳಗೆ 600 ಗ್ರಾಂ ಬಳೆ ಇದ್ದರೂ! ಟೊಳ್ಳು ಬಳೆಗೆ ದೊಡ್ಡ ಪೆಟ್ಟಿಗೆ ಹಾಕಿದರೆ ಗಾಳಿಗೆ ಬಾಡಿಗೆ ಕೊಟ್ಟಂತೆ.

ಸರಿ, ಎಷ್ಟು ಕೇಳಬೇಕಿತ್ತು? ಹಿಂದಿನಿಂದ ಲೆಕ್ಕ ಹಾಕಿದೆವು. ಕೈಗೆ 1,500, ಪೆಟ್ಟಿಗೆ 100, ಅಂಚೆ 1,000. ಬಿಲ್ಲಿನಲ್ಲಿ ಬಳೆಯ ಬೆಲೆ 21 ಡಾಲರ್ ಅಂತ ಇಟ್ಟರೆ ಅದು 1,848 ರೂಪಾಯಿ, ಅದರ ಅರ್ಧ ಸುಂಕ 924. ಒಟ್ಟು 3,524. ಇದನ್ನು 88ರಿಂದಲ್ಲ, ನಿಜವಾಗಿ ಸಿಗುವ 85ರಿಂದ ಭಾಗಿಸಿದರೆ 41 ಡಾಲರ್ 46 ಸೆಂಟು. ಅದಕ್ಕೆ 30 ಸೆಂಟು ಸೇರಿಸಿ, 0.956ರಿಂದ ಭಾಗಿಸಬೇಕು. ಬಂದದ್ದು 43 ಡಾಲರ್ 68 ಸೆಂಟು. ಬಿಲ್ಲು ಹೀಗೆ: ಬಳೆ 21, ಸಾಗಾಟ 11.80, ಸುಂಕ 10.90, ಒಟ್ಟು 43.70.

ಕಮಿಷನ್ನನ್ನು ಯಾಕೆ ಕೂಡಿಸದೆ ಭಾಗಿಸಬೇಕು? ಅದನ್ನು ಮುರಿಯುವುದು ನೀವು ಕೂಡಿಸಿದ ಮೇಲಿನ ಮೊತ್ತದಿಂದ. ಪರದೇಶದ ಆನ್‌ಲೈನ್ ಅಂಗಡಿಯಲ್ಲಿ ಎಲ್ಲ ಸೇರಿ ನೂರಕ್ಕೆ 15 ಮುರಿಯುತ್ತಾರೆ ಅನ್ನಿ. ನಿಮಗೆ 100 ಬೇಕು ಅಂತ 115 ಹಾಕಿದರೆ 17.25 ಹೋಗಿ ಉಳಿಯುವುದು 97.75. 100ನ್ನು 0.85ರಿಂದ ಭಾಗಿಸಿ 117.65 ಹಾಕಿದರೆ ಮಾತ್ರ ನೂರು ನೂರಾಗಿ ಉಳಿಯುತ್ತೆ. ಬಡ್ಡಿ ಲೆಕ್ಕ ಗೊತ್ತಿರುವ ಪೇಟೆ ಬೀದಿಯವರಿಗೆ ಇದೇನು ಹೊಸದಲ್ಲ.

ಆ 50 ಆಗಿನ ದರ, ಕಲ್ಲಿನ ಮೇಲೆ ಕೊರೆದದ್ದೂ ಅಲ್ಲ. ಅಲ್ಲಿನ ಸರ್ಕಾರದ ಮನಸ್ಸು ಬದಲಾದ ಹಾಗೆ ಅದೂ ಬದಲಾಗುತ್ತೆ. ಪಾರ್ಸಲ್ ಕಟ್ಟುವ ದಿನದ ದರ ಅಂಚೆ ಕಚೇರಿಯಲ್ಲಿ ಕೇಳಿಕೊಂಡೇ ಬೆಲೆ ಹೇಳಬೇಕು. ಹೇಳಿದ ಬೆಲೆ ಎಷ್ಟು ದಿನಕ್ಕೆ ಅಂತಲೂ ಬರೆಯಬೇಕು.

43.70 ಕೇಳಿದರೆ ಗಿರಾಕಿ ಓಡಿಹೋಗುವುದಿಲ್ಲವೇ ಅಂತ ಅವರಿಗೆ ಅಳುಕು. ಬಿಲ್ಲನ್ನು ಬಿಡಿಸಿ ಬರೆದು ಕಳಿಸಿದರು. ಆಯಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಎರಡು ಡಜನ್ ಒಟ್ಟಿಗೆ ತಗೊಂಡ್ರೆ?" ಬಳೆಯ ಬೆಲೆ, ಸುಂಕ ಎರಡರಷ್ಟಾದರೂ ಅಂಚೆ 1,000ದಿಂದ 1,500ಕ್ಕೆ ಮಾತ್ರ ಏರುತ್ತೆ. ಡಜನ್ನಿಗೆ ಸುಮಾರು 3 ಡಾಲರ್ ಇಳಿಯಿತು. ಓರಗಿತ್ತಿಗೂ ಸೇರಿಸಿ ಕಳಿಸಿ ಅಂದರಂತೆ. ನಾನು ಹೊರಡುವಾಗ ಲೇತ್ ತಿರುಗುತ್ತಿತ್ತು, ಪಕ್ಕದಲ್ಲಿ ಹಳೇ ಪೆಟ್ಟಿಗೆಯನ್ನು ಕತ್ತರಿಸಿ ಚಿಕ್ಕದು ಮಾಡುತ್ತಿದ್ದ ಅವರ ಮಗ.